ಹೊಸ ವಿಡಿಯೊವನ್ನು ಹಳೆಯ ವಿಡಿಯೊಗಳೊಂದಿಗೆ ನ್ಯಾಯವಾಗಿ ಹೋಲಿಸುವುದು ಹೇಗೆ: ವಯಸ್ಸಿನ ಲೆಕ್ಕ, ಹಂತ ಹಂತವಾಗಿ

ಸಿಂಧನೂರು, ಗಂಗಾವತಿ, ಕಾರಟಗಿ ಕಡೆಯಿಂದ ಯೂಟ್ಯೂಬ್‌ನಲ್ಲಿ ಕೃಷಿ ಚಾನೆಲ್ ನಡೆಸುವವರು ನನಗೆ ಕಳುಹಿಸುವ ಶೀಟುಗಳಲ್ಲಿ ಒಂದೇ ತೊಡಕು ಮತ್ತೆ ಮತ್ತೆ ಕಾಣುತ್ತದೆ. ಕಳೆದ ವಾರ ಹಾಕಿದ ವಿಡಿಯೊ ಚೆನ್ನಾಗಿ ಓಡಿತೋ ಇಲ್ಲವೋ ಎಂದು ತಿಳಿಯಲು ಅದರ ಒಟ್ಟು ವೀಕ್ಷಣೆಯನ್ನು ಹೋದ ವರ್ಷದ ವಿಡಿಯೊದ ಒಟ್ಟು ವೀಕ್ಷಣೆಯ ಪಕ್ಕದಲ್ಲಿ ಇಡುತ್ತಾರೆ. ಅದು ಅನ್ಯಾಯ ಎಂದು ಹೊಳೆದವರು ಒಟ್ಟು ವೀಕ್ಷಣೆಯನ್ನು ದಿನಗಳಿಂದ ಭಾಗಿಸುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ, ಏಕೆಂದರೆ ಅದು ಸರಿಯಾದ ಲೆಕ್ಕದಂತೆಯೇ ಕಾಣುತ್ತದೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಭತ್ತದ ಸಸಿಮಡಿ ಕುರಿತ ವಿಡಿಯೊಗೆ ಈಗ ಹನ್ನೊಂದು ತಿಂಗಳು ತುಂಬಿದೆ, ಒಟ್ಟು ವೀಕ್ಷಣೆ 31,000. ಭತ್ತದ ಬೆಂಕಿ ರೋಗದ ಕುರಿತ ಹೊಸ ವಿಡಿಯೊಗೆ ಒಂದು ವಾರ, ವೀಕ್ಷಣೆ 2,730. ಒಟ್ಟು ಸಂಖ್ಯೆ ನೋಡಿದರೆ ಹಳೆಯದು ಹನ್ನೊಂದು ಪಟ್ಟು ಮುಂದಿದೆ. ದಿನಗಳಿಂದ ಭಾಗಿಸಿದರೆ ಹಳೆಯದಕ್ಕೆ ದಿನಕ್ಕೆ ಸುಮಾರು 94, ಹೊಸದಕ್ಕೆ 390. ಈಗ ಹೊಸದೇ ನಾಲ್ಕು ಪಟ್ಟು ಮುಂದೆ. ಎರಡೂ ಉತ್ತರ ತಪ್ಪು. ಹಳೆಯ ವಿಡಿಯೊ ತನ್ನ ಮೊದಲ ವಾರದಲ್ಲಿ ಎಷ್ಟು ಗಳಿಸಿತ್ತು ಎಂದು ತೆಗೆದು ನೋಡಿದರೆ 2,100 ಇತ್ತು. ಅಂದರೆ ಹೊಸದು ಅದಕ್ಕಿಂತ ಶೇ 30ರಷ್ಟು ಮುಂದಿದೆ, ಅಷ್ಟೇ.

ದಿನದ ಸರಾಸರಿ ಏಕೆ ಕೈಕೊಡುತ್ತದೆ ಎಂಬುದನ್ನು ಇಲ್ಲೇ ತಿಳಿದುಕೊಳ್ಳಬೇಕು. ಸಾಮಾನ್ಯ ವಿಡಿಯೊದ ವೀಕ್ಷಣೆ ದಿನದಿಂದ ದಿನಕ್ಕೆ ಒಂದೇ ಸಮನೆ ಬರುವುದಿಲ್ಲ. ಚಂದಾದಾರರಿಗೆ ಸೂಚನೆ ಹೋಗುವ, ಮುಖಪುಟದಲ್ಲಿ ಕಾಣಿಸುವ ಮೊದಲ ಕೆಲವು ದಿನಗಳಲ್ಲಿ ದೊಡ್ಡ ಪಾಲು ಬಂದು, ಆಮೇಲೆ ಇಳಿಯುತ್ತ ಹೋಗುತ್ತದೆ. ಹೀಗಾಗಿ ಎಳೆಯ ವಿಡಿಯೊವನ್ನು ಭಾಗಿಸಿದಾಗ ಅದರ ಅತ್ಯುತ್ತಮ ದಿನಗಳು ಮಾತ್ರ ಲೆಕ್ಕಕ್ಕೆ ಸಿಗುತ್ತವೆ. ಹಳೆಯದನ್ನು ಭಾಗಿಸಿದಾಗ ನೂರಾರು ಸಪ್ಪೆ ದಿನಗಳೂ ಸೇರಿಕೊಳ್ಳುತ್ತವೆ. ಈ ಲೆಕ್ಕದಲ್ಲಿ ಹೊಸ ವಿಡಿಯೊ ಬಹುಪಾಲು ಯಾವಾಗಲೂ ಗೆಲ್ಲುತ್ತದೆ. ನಿಮ್ಮ ಶೀಟಿನಲ್ಲಿ ಪ್ರತಿ ಸಲವೂ ಇತ್ತೀಚಿನ ವಿಡಿಯೊವೇ ಮೇಲೆ ಬರುತ್ತಿದ್ದರೆ ಅದು ನಿಮ್ಮ ಪ್ರಗತಿಯ ಗುರುತಲ್ಲ, ಭಾಗಾಕಾರದ ಗುರುತು.

ಮದ್ದು ಸರಳ: ಪ್ರತಿ ವಿಡಿಯೊವನ್ನೂ ಒಂದೇ ವಯಸ್ಸಿನಲ್ಲಿ ನಿಲ್ಲಿಸಿ ಅಳೆಯುವುದು. ಕೆಲಸವಿರುವುದು ಆ ವಯಸ್ಸನ್ನು ಸರಿಯಾಗಿ ಎಣಿಸುವುದರಲ್ಲಿ.

## ಬೇಕಾದ ಸಾಮಗ್ರಿ

ಕಂಪ್ಯೂಟರಿನಲ್ಲಿ ತೆರೆದ ಯೂಟ್ಯೂಬ್ ಸ್ಟುಡಿಯೊ ಮತ್ತು ಒಂದು ಸ್ಪ್ರೆಡ್‌ಶೀಟ್. ಗೂಗಲ್ ಶೀಟ್ಸ್ ಆದರೂ ಸರಿ, ಎಕ್ಸೆಲ್ ಆದರೂ ಸರಿ, ಕೆಳಗಿನ ಸೂತ್ರಗಳು ಎರಡರಲ್ಲೂ ನಡೆಯುತ್ತವೆ. ಮೊಬೈಲಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಜೊತೆಗೆ ಪ್ರತಿ ವಿಡಿಯೊ ಸಾರ್ವಜನಿಕವಾದ ದಿನ ಮಾತ್ರವಲ್ಲ, ಗಂಟೆಯೂ ಬೇಕು. ಗಂಟೆ ಏಕೆ ಎಂಬುದು ಮೂರನೆಯ ಹಂತದಲ್ಲಿ ತಿಳಿಯುತ್ತದೆ.

ಹೊಸ ವಿಡಿಯೊವನ್ನು ಇತ್ತೀಚಿನ ಹತ್ತು ವಿಡಿಯೊಗಳ ಅದೇ ವಯಸ್ಸಿನ ವೀಕ್ಷಣೆಯೊಂದಿಗೆ ಹೋಲಿಸಿ ಹತ್ತರಲ್ಲಿ ಎಷ್ಟನೆಯದು ಎಂದು ಸ್ಟುಡಿಯೊ ತಾನಾಗಿಯೇ ತೋರಿಸುತ್ತದೆ. ಮೊದಲ ಒಂದೆರಡು ದಿನಕ್ಕೆ ಅದು ಸಾಕು. ಆದರೆ ಎರಡನೆಯ ಸ್ಥಾನ ಎಂದಾಗ ಮೊದಲನೆಯದಕ್ಕಿಂತ ಹತ್ತು ವೀಕ್ಷಣೆ ಕಡಿಮೆಯೋ ಹತ್ತು ಸಾವಿರ ಕಡಿಮೆಯೋ ಎಂಬುದು ಆ ಸ್ಥಾನದಿಂದ ತಿಳಿಯುವುದಿಲ್ಲ. ಆ ಹತ್ತರಲ್ಲಿ ಯಾವುದನ್ನು ಹೋಲಿಕೆಗೆ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯೂ ನಿಮ್ಮದಾಗಿರಬೇಕು.

## ಹಂತ 1: ಹೋಲಿಕೆಯ ಗುಂಪು ಆರಿಸಿ

ಲೆಕ್ಕಕ್ಕಿಂತ ಮೊದಲು ಯಾರೊಂದಿಗೆ ಹೋಲಿಕೆ ಎಂಬುದು ತೀರ್ಮಾನವಾಗಬೇಕು. ಏಳರಿಂದ ಹನ್ನೆರಡು ಹಳೆಯ ವಿಡಿಯೊಗಳು ಸಾಕು. ಪ್ರತಿಯೊಂದಕ್ಕೂ ಕನಿಷ್ಠ 28 ದಿನ ತುಂಬಿರಲಿ.

ಗುಂಪಿನಲ್ಲಿ ಒಂದೇ ಜಾತಿಯ ವಿಡಿಯೊಗಳಿರಬೇಕು. ಉದ್ದ ವಿಡಿಯೊ, ಶಾರ್ಟ್ಸ್, ಲೈವ್ ಮೂರಕ್ಕೂ ಬೇರೆ ಬೇರೆ ಶೀಟು. ಶಾರ್ಟ್ಸ್‌ನಲ್ಲಿ ಇನ್ನೊಂದು ಗಡಿಯೂ ಇದೆ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್ ವೀಕ್ಷಣೆ ಎಣಿಸುವ ಕ್ರಮವನ್ನೇ ಬದಲಿಸಿತು. ಶಾರ್ಟ್ ಶುರುವಾದರೆ ಅಥವಾ ಮತ್ತೆ ಸುತ್ತಿದರೆ ಸಾಕು, ಒಂದು ವೀಕ್ಷಣೆ. ಆ ದಿನದ ಹಿಂದಿನ ಮತ್ತು ಮುಂದಿನ ಶಾರ್ಟ್ಸ್‌ಗಳ ವೀಕ್ಷಣೆಯನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ಹೊಸವು ಸುಮ್ಮನೆ ದೊಡ್ಡದಾಗಿ ಕಾಣುತ್ತವೆ. ಹಳೆಯ ಕ್ರಮದ ಎಣಿಕೆ ಈಗ `Engaged views` ಎಂಬ ಹೆಸರಿನಲ್ಲಿ ಸಿಗುತ್ತದೆ. ಗಡಿ ದಾಟಿ ಹೋಲಿಸಲೇಬೇಕಾದರೆ ಎಲ್ಲಕ್ಕೂ ಅದನ್ನೇ ಬಳಸಿ.

ತೀರಾ ಹಳೆಯ ವಿಡಿಯೊಗಳನ್ನು ಬಿಡಿ. ಚಾನೆಲ್‌ಗೆ ಐನೂರು ಚಂದಾದಾರರಿದ್ದಾಗ ಹಾಕಿದ ವಿಡಿಯೊದ ಮೊದಲ ವಾರವನ್ನು ಇಪ್ಪತ್ತು ಸಾವಿರ ಚಂದಾದಾರರಿರುವ ಇಂದಿನ ಮೊದಲ ವಾರದೊಂದಿಗೆ ಹೋಲಿಸಿದರೆ ಅಳತೆಗೆ ಸಿಗುವುದು ಚಾನೆಲ್ಲಿನ ಬೆಳವಣಿಗೆ, ವಿಡಿಯೊದ ಸತ್ವವಲ್ಲ. ವಯಸ್ಸನ್ನು ಸರಿದೂಗಿಸಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ಗುಂಪನ್ನು ದಿನಾಂಕದ ಪ್ರಕಾರ ಎರಡು ಭಾಗ ಮಾಡಿ ನೋಡಿ. ಹಿಂದಿನ ಅರ್ಧಕ್ಕಿಂತ ಮುಂದಿನ ಅರ್ಧ ಎಲ್ಲ ವಿಡಿಯೊಗಳಲ್ಲೂ ಎದ್ದುಕಾಣುವಷ್ಟು ಮೇಲಿದ್ದರೆ ಹಿಂದಿನ ಅರ್ಧವನ್ನು ತೆಗೆದುಹಾಕಿ.

ಹಣ ಕೊಟ್ಟು ಪ್ರಚಾರ ಮಾಡಿಸಿದ ವಿಡಿಯೊ ಇದ್ದರೆ ಅದನ್ನೂ ಹೊರಗಿಡಿ. ಜಾಹೀರಾತಿನಿಂದ ಬಂದ ವೀಕ್ಷಣೆಗೆ ವಯಸ್ಸಿನ ಲೆಕ್ಕ ಅನ್ವಯಿಸುವುದಿಲ್ಲ.

## ಹಂತ 2: ದಿನವಹಿ ವೀಕ್ಷಣೆ ಇಳಿಸಿಕೊಳ್ಳಿ

ಸ್ಟುಡಿಯೊದಲ್ಲಿ ಒಂದು ವಿಡಿಯೊ ತೆರೆದು ಅದರ `Analytics` ಪುಟದಿಂದ `Advanced mode`ಗೆ ಹೋಗಿ. ಅವಧಿಯನ್ನು ವಿಡಿಯೊ ಪ್ರಕಟವಾದ ದಿನಕ್ಕಿಂತ ಎರಡು ದಿನ ಮುಂಚಿನಿಂದ ಆರಂಭಿಸಿ 35 ದಿನಗಳವರೆಗೆ ಇಟ್ಟುಕೊಳ್ಳಿ. ಕೆಳಗಿನ ಪಟ್ಟಿಯನ್ನು `Date` ಪ್ರಕಾರ ನೋಡಿ, ಇಳಿಸಿಕೊಳ್ಳುವ ಗುರುತು ಒತ್ತಿ. ಸಿಗುವ ಕಡತದಲ್ಲಿ ದಿನಕ್ಕೊಂದು ಸಾಲು, ಅದರಲ್ಲಿ ಆ ದಿನದ ವೀಕ್ಷಣೆ. ಎಂಟು ವಿಡಿಯೊ ಇದ್ದರೆ ಎಂಟು ಸಲ ಇದೇ ಕೆಲಸ. ಬೇಸರದ ಕೆಲಸವೇ ಸರಿ, ಆದರೆ ಹಳೆಯ ವಿಡಿಯೊಗಳಿಗೆ ಒಮ್ಮೆ ಮಾಡಿಟ್ಟರೆ ಆಯಿತು. ಮುಗಿದುಹೋದ ವಾರ ಬದಲಾಗುವುದಿಲ್ಲ.

ಎಲ್ಲ ಸಾಲುಗಳನ್ನೂ ಒಂದೇ ಶೀಟಿನಲ್ಲಿ ಒಂದರ ಕೆಳಗೆ ಒಂದು ಅಂಟಿಸಿ. A ಕಾಲಂನಲ್ಲಿ ವಿಡಿಯೊದ ಚಿಕ್ಕ ಹೆಸರು, C ಕಾಲಂನಲ್ಲಿ ದಿನಾಂಕ, D ಕಾಲಂನಲ್ಲಿ ವೀಕ್ಷಣೆ. B ಮತ್ತು E ಸದ್ಯ ಖಾಲಿ ಇರಲಿ. ವಿಡಿಯೊದ ಚಿಕ್ಕ ಹೆಸರನ್ನು ಪ್ರತಿ ಸಾಲಿನಲ್ಲೂ ಒಂದೇ ರೀತಿ ಬರೆಯಿರಿ. ಒಂದು ಕಡೆ ‘ಸಸಿಮಡಿ’, ಇನ್ನೊಂದು ಕಡೆ ‘ಸಸಿ ಮಡಿ’ ಎಂದಾದರೆ ಸೂತ್ರಕ್ಕೆ ಅವು ಎರಡು ವಿಡಿಯೊ.

ಸಾಲುಗಳನ್ನು ಅಂಟಿಸಿದ ಕೂಡಲೇ ಒಂದು ಪರೀಕ್ಷೆ ಮಾಡಿ. ಒಂದು ವಿಡಿಯೊದ D ಕಾಲಂ ಮೊತ್ತವನ್ನು ಸ್ಟುಡಿಯೊ ಅದೇ ಅವಧಿಗೆ ತೋರಿಸುವ ಮೊತ್ತದೊಂದಿಗೆ ತಾಳೆ ನೋಡಿ. ಮೊತ್ತ ಸರಿಯಾಗಿ ಎರಡು ಪಟ್ಟಾಗಿದ್ದರೆ ಕಡತದಲ್ಲಿದ್ದ ಒಟ್ಟು ಮೊತ್ತದ ಸಾಲೂ ನಿಮ್ಮ ಶೀಟಿಗೆ ಬಂದು ಸೇರಿಕೊಂಡಿದೆ.

## ಹಂತ 3: ಹುಟ್ಟಿದ ದಿನವನ್ನು ಸರಿಯಾಗಿ ಗುರುತಿಸಿ

ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೋಗೋಣ.

ಯೂಟ್ಯೂಬ್ ದಿನವಹಿ ಲೆಕ್ಕದಲ್ಲಿ ದಿನ ಎಂದರೆ ನಮ್ಮ ಮಧ್ಯರಾತ್ರಿಯಿಂದ ಮಧ್ಯರಾತ್ರಿಯಲ್ಲ. ಅದು ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರ ನೋಡುತ್ತದೆ. ಅಲ್ಲಿ ರಾತ್ರಿ ಹನ್ನೆರಡಾದಾಗ ರಾಯಚೂರಿನಲ್ಲಿ ಮಧ್ಯಾಹ್ನ 12.30. ಅಲ್ಲಿ ಚಳಿಗಾಲದ ಸಮಯ ಜಾರಿಗೆ ಬಂದಾಗ ಇದು 1.30 ಆಗುತ್ತದೆ. ಚಳಿಗಾಲದ ಸಮಯ ಎಂದರೆ ನವೆಂಬರಿನ ಮೊದಲ ಭಾನುವಾರದಿಂದ ಮಾರ್ಚ್‌ನ ಎರಡನೆಯ ಭಾನುವಾರದವರೆಗೆ. ಅಂದರೆ ಶೀಟಿನಲ್ಲಿ ಆಗಸ್ಟ್ 5 ಎಂದು ಕಾಣುವ ಸಾಲು ನಮ್ಮ ಲೆಕ್ಕದಲ್ಲಿ ಆಗಸ್ಟ್ 5ರ ಮಧ್ಯಾಹ್ನ ಊಟದ ಹೊತ್ತಿಗೆ ಶುರುವಾಗಿ 6ರ ಮಧ್ಯಾಹ್ನ ಮುಗಿಯುತ್ತದೆ.

ಇದರ ಪರಿಣಾಮ ನೋಡಿ. 2025ರ ಆಗಸ್ಟ್ 5ರಂದು ಸಂಜೆ 6 ಗಂಟೆಗೆ ಹಾಕಿದ ವಿಡಿಯೊ ಆ ಗಡಿಯಾರದಲ್ಲಿ 5ರ ಬೆಳಗಿನ 5.30ಕ್ಕೆ ಹುಟ್ಟುತ್ತದೆ, ಮೊದಲ ದಿನದ ಸಾಲಿಗೆ ಅದಕ್ಕೆ ಹದಿನೆಂಟೂವರೆ ಗಂಟೆ ಸಿಗುತ್ತದೆ. ಅದೇ ದಿನ ಬೆಳಿಗ್ಗೆ 11 ಗಂಟೆಗೆ ಹಾಕಿದ್ದರೆ ಅದು ಹುಟ್ಟುವುದು ಆಗಸ್ಟ್ 4ರ ರಾತ್ರಿ 10.30ಕ್ಕೆ, ಮೊದಲ ದಿನದ ಸಾಲಿಗೆ ಸಿಗುವುದು ಬರೀ ಒಂದೂವರೆ ಗಂಟೆ. ನಿಮ್ಮ ಚಾನೆಲ್ಲಿನಲ್ಲಿ ಕೆಲವು ವಿಡಿಯೊ ಬೆಳಿಗ್ಗೆ, ಕೆಲವು ಸಂಜೆ ಬಂದಿದ್ದರೆ ‘ಮೊದಲ ದಿನದ ವೀಕ್ಷಣೆ’ ಎಂಬ ಹೋಲಿಕೆಗೆ ಯಾವ ಅರ್ಥವೂ ಉಳಿಯುವುದಿಲ್ಲ.

ಆದ್ದರಿಂದ G ಕಾಲಂನಲ್ಲಿ ವಿಡಿಯೊಗಳ ಚಿಕ್ಕ ಹೆಸರು ಬರೆದು, ಪಕ್ಕದ H ಕಾಲಂನಲ್ಲಿ ಹುಟ್ಟಿದ ದಿನವನ್ನು ಈ ನಿಯಮದಂತೆ ತುಂಬಿ: ನಮ್ಮ ಸಮಯ ಮಧ್ಯಾಹ್ನ 12.30ಕ್ಕೆ ಮುಂಚೆ ಹಾಕಿದ್ದರೆ ಹಿಂದಿನ ದಿನ, ಆನಂತರ ಹಾಕಿದ್ದರೆ ಅದೇ ದಿನ. ಚಳಿಗಾಲದ ತಿಂಗಳುಗಳಲ್ಲಿ 12.30ರ ಬದಲು 1.30. ಹಳೆಯ ಏಳು ವಿಡಿಯೊ `G2`ರಿಂದ `G8`ರವರೆಗೆ, ಹೊಸದು `G9`ರಲ್ಲಿ ಇರಲಿ. ವಿಡಿಯೊ ಅಪ್‌ಲೋಡ್ ಆದ ದಿನವನ್ನಲ್ಲ, ಸಾರ್ವಜನಿಕವಾದ ದಿನವನ್ನು ಹಿಡಿಯಿರಿ. ಮೊದಲು ಖಾಸಗಿಯಾಗಿಟ್ಟು ನಾಲ್ಕು ದಿನದ ಮೇಲೆ ಬಿಡುಗಡೆ ಮಾಡುವ ಅಭ್ಯಾಸವಿದ್ದವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಈಗ `B2` ಮತ್ತು `E2`ಗಳಲ್ಲಿ ಈ ಸೂತ್ರಗಳನ್ನು ಹಾಕಿ ಕೆಳಗಿನವರೆಗೂ ಎಳೆಯಿರಿ:

```
B2:  =VLOOKUP(A2,$G$2:$H$9,2,FALSE)
E2:  =C2-B2
```

E ಕಾಲಂ ಎಂದರೆ ಆ ಸಾಲಿನ ದಿನ ವಿಡಿಯೊಗೆ ಎಷ್ಟು ದಿನ ವಯಸ್ಸು. ಹುಟ್ಟಿದ ದಿನ 0, ಮರುದಿನ 1.

ಎಚ್ಚರಿಕೆಯ ಗುರುತು ಇಲ್ಲಿಯೇ ಸಿಗುತ್ತದೆ. ನಾವು ಕೈಯಿಂದ 04/08/2025 ಎಂದು ಬರೆದರೆ ನಮಗದು ಆಗಸ್ಟ್ 4. ಶೀಟಿನ ಪ್ರದೇಶ ಅಮೆರಿಕ ಎಂದು ಇದ್ದರೆ ಅದಕ್ಕೆ ಏಪ್ರಿಲ್ 8. ಆಗ ಮೊದಲ ದಿನದ ವಯಸ್ಸು 0 ಬರುವ ಬದಲು 118 ಬರುತ್ತದೆ. 18/08/2025 ಎಂದು ಬರೆದಿದ್ದರೆ ಹದಿನೆಂಟನೆಯ ತಿಂಗಳು ಇಲ್ಲದ ಕಾರಣ ಅದನ್ನು ದಿನಾಂಕವೆಂದೇ ತಿಳಿಯದೆ ಅಕ್ಷರವೆಂದು ಹಿಡಿದು ಕೋಶದ ಎಡಕ್ಕೆ ಒತ್ತಿ ನಿಲ್ಲಿಸುತ್ತದೆ. H ಕಾಲಂನಲ್ಲಿ ಕೆಲವು ದಿನಾಂಕ ಬಲಕ್ಕೂ ಕೆಲವು ಎಡಕ್ಕೂ ನಿಂತಿದ್ದರೆ ಮುಂದೆ ಹೋಗಬೇಡಿ. ಶೀಟಿನ ಸೆಟ್ಟಿಂಗ್‌ನಲ್ಲಿ ಪ್ರದೇಶವನ್ನು ಭಾರತ ಎಂದು ಬದಲಿಸಿ ದಿನಾಂಕಗಳನ್ನು ಮತ್ತೆ ಬರೆಯಿರಿ, ಅಥವಾ 2025-08-04 ಎಂಬ ಕ್ರಮದಲ್ಲೇ ಬರೆಯಿರಿ. ಈ ಕ್ರಮದಲ್ಲಿ ಗೊಂದಲವಿಲ್ಲ.

## ಹಂತ 4: ಒಂದೇ ವಯಸ್ಸಿನವರೆಗೆ ಕೂಡಿ

ಈಗ ಎರಡು ಕೋಶಗಳು ಇಡೀ ಲೆಕ್ಕವನ್ನು ನಡೆಸುತ್ತವೆ. `K1`ರಲ್ಲಿ ಯಾವ ದಿನದವರೆಗಿನ ಅಂಕಿಯನ್ನು ನಂಬಬಹುದೋ ಆ ದಿನಾಂಕ. `K2`ರಲ್ಲಿ ಹೋಲಿಕೆಯ ವಯಸ್ಸು.

ಸ್ಟುಡಿಯೊದ ದಿನವಹಿ ಅಂಕಿಗಳು ಎರಡು ದಿನದಷ್ಟು ಹಿಂದೆ ಇರುತ್ತವೆ. ಆದ್ದರಿಂದ `K1`ರಲ್ಲಿ ಇಂದಿನ ದಿನಾಂಕ ಬರೆಯಬೇಡಿ, ಮೂರು ದಿನ ಹಿಂದಿನದನ್ನು ಬರೆಯಿರಿ. ಇದನ್ನು ಮರೆತರೆ ಹೊಸ ವಿಡಿಯೊದ ಕೊನೆಯ ಎರಡು ದಿನಗಳು ಅರೆಬರೆಯಾಗಿ ಸೇರಿಕೊಂಡು ಅದು ಸೋತಂತೆ ಕಾಣುತ್ತದೆ. ವಿಡಿಯೊದ ದಿನವಹಿ ಸಾಲುಗಳಲ್ಲಿ ಕೊನೆಯ ಒಂದೆರಡು ದಿನ ಮಾತ್ರ ಇದ್ದಕ್ಕಿದ್ದಂತೆ ಪಾತಾಳಕ್ಕೆ ಇಳಿದಿದ್ದರೆ ವಿಡಿಯೊ ಸತ್ತಿಲ್ಲ, ಅಂಕಿ ಇನ್ನೂ ಬಂದಿಲ್ಲ.

`K2`ರಲ್ಲಿ 7 ಬರೆಯಿರಿ. ನಂತರ `I2`ರಲ್ಲಿ ಈ ಸೂತ್ರ ಹಾಕಿ `I9`ರವರೆಗೆ ಎಳೆಯಿರಿ:

```
=IF($K$1-$H2<$K$2,"",SUMIFS($D:$D,$A:$A,$G2,$E:$E,">=0",$E:$E,"<="&$K$2))
```

ವಿಡಿಯೊ ಏಳು ದಿನ ಮುಗಿಸಿಲ್ಲದಿದ್ದರೆ ಕೋಶ ಖಾಲಿ ಉಳಿಯುತ್ತದೆ. ಮುಗಿಸಿದ್ದರೆ ಹುಟ್ಟಿದ ದಿನದಿಂದ ಏಳನೆಯ ದಿನದವರೆಗಿನ ವೀಕ್ಷಣೆಯ ಮೊತ್ತ ಬರುತ್ತದೆ. ಸಾರ್ವಜನಿಕವಾಗುವ ಮುಂಚೆ ಕೊಂಡಿ ಹಂಚಿಕೊಂಡಾಗ ಬಂದ ವೀಕ್ಷಣೆಯ ವಯಸ್ಸು ಋಣಾತ್ಮಕವಾಗಿರುವುದರಿಂದ ಅದು ಹೊರಗುಳಿಯುತ್ತದೆ.

ಹುಟ್ಟಿದ ದಿನ ಕೆಲವಕ್ಕೆ ಒಂದೂವರೆ ಗಂಟೆ, ಕೆಲವಕ್ಕೆ ಹದಿನೆಂಟು ಗಂಟೆ ಎಂದಾದರೆ ಅದನ್ನು ಬಿಟ್ಟು ಮರುದಿನದಿಂದ ಎಣಿಸಬಾರದೇ ಎಂದು ಹಲವರು ಕೇಳುತ್ತಾರೆ. ಬಾರದು. ಅದನ್ನು ಬಿಟ್ಟರೆ ಸಂಜೆ ಹಾಕಿದ ವಿಡಿಯೊದ ಅತ್ಯಂತ ಬಿಸಿಯಾದ ಹದಿನೆಂಟು ಗಂಟೆ ಕಳೆದುಹೋಗುತ್ತದೆ, ಬೆಳಿಗ್ಗೆ ಹಾಕಿದ್ದರ ಬಿಸಿ ಗಂಟೆಗಳೆಲ್ಲ ಲೆಕ್ಕದಲ್ಲಿ ಉಳಿಯುತ್ತವೆ. ಅದನ್ನು ಸೇರಿಸಿಕೊಂಡರೆ ಎಲ್ಲ ವಿಡಿಯೊಗಳ ತಲೆಯ ಭಾಗ ಪೂರ್ತಿ ಸಿಗುತ್ತದೆ; ವ್ಯತ್ಯಾಸ ಉಳಿಯುವುದು ಬಾಲದಲ್ಲಿ, ಅಂದರೆ ಎಂಟನೆಯ ದಿನದ ಕೆಲವು ಗಂಟೆಗಳಲ್ಲಿ. ಆ ಹೊತ್ತಿಗೆ ವೀಕ್ಷಣೆ ತೆಳುವಾಗಿರುವುದರಿಂದ ಮೊತ್ತ ಹೆಚ್ಚು ಅಲುಗುವುದಿಲ್ಲ. ಇದೇ ಕಾರಣಕ್ಕೆ `K2`ರಲ್ಲಿ 1 ಅಥವಾ 2 ಬರೆಯಬೇಡಿ. ಮೂರು ದಿನಕ್ಕಿಂತ ಕಡಿಮೆ ವಯಸ್ಸಿಗೆ ಈ ಶೀಟು ನಂಬಿಕೆಗೆ ಅರ್ಹವಲ್ಲ. ಅಷ್ಟು ಬೇಗ ತಿಳಿಯಬೇಕಿದ್ದರೆ ಸ್ಟುಡಿಯೊದ ಹತ್ತರಲ್ಲಿ ಎಷ್ಟನೆಯದು ಎಂಬುದನ್ನೇ ನೋಡಿ.

`K1`ರ ದಿನಾಂಕದ ಹೊತ್ತಿಗೆ ಹೊಸ ವಿಡಿಯೊಗೆ ಇನ್ನೂ ನಾಲ್ಕೇ ದಿನ ತುಂಬಿದ್ದರೆ `K2`ರಲ್ಲಿ 4 ಬರೆಯಿರಿ. ಹಳೆಯವೆಲ್ಲ ತಾವಾಗಿಯೇ ತಮ್ಮ ನಾಲ್ಕನೆಯ ದಿನಕ್ಕೆ ಹಿಂದಿರುಗುತ್ತವೆ. ಹೊಸದನ್ನು ಹಿಗ್ಗಿಸಬೇಡಿ, ಹಳೆಯದನ್ನು ಕುಗ್ಗಿಸಿ.

## ಹಂತ 5: ಮಧ್ಯಾಂಕದಿಂದ ಭಾಗಿಸಿ

ನಮ್ಮ ಉದಾಹರಣೆಯ ಶೀಟು ಈಗ ಹೀಗಿದೆ. 28 ದಿನದ ಕಾಲಂ ಕೂಡ ಇದೇ ಸೂತ್ರದಿಂದ, `K2`ರಲ್ಲಿ 28 ಬರೆದಾಗ ಬಂದದ್ದು.

| ವಿಡಿಯೊ | 7 ದಿನ | 28 ದಿನ |
|---|---|---|
| ಸಸಿಮಡಿ | 2,100 | 4,900 |
| ಕಳೆ ನಿರ್ವಹಣೆ | 2,600 | 5,200 |
| ಕಂದು ಜಿಗಿಹುಳು | 1,700 | 4,300 |
| ಡ್ಯಾಂ ಗೇಟು | 46,000 | 52,000 |
| ಕೊಯ್ಲು ಯಂತ್ರದ ಬಾಡಿಗೆ | 2,300 | 4,000 |
| ಜೋಳ | 1,400 | 3,100 |
| ಹತ್ತಿ | 1,900 | 4,100 |
| ಬೆಂಕಿ ರೋಗ, ಹೊಸದು | 2,730 | |

ಡ್ಯಾಂ ಗೇಟಿನ ಸಾಲು ನೋಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಬಳ್ಳಾರಿ, ಕೊಪ್ಪಳ, ರಾಯಚೂರಿನ ರೈತರೆಲ್ಲ ಮೊಬೈಲಿಗೆ ಅಂಟಿಕೊಂಡು ಕುಳಿತಿದ್ದರು. ಆ ವಾರ ಕಾಲುವೆ ನೀರಿನ ಬಗ್ಗೆ ಮಾತಾಡಿದ ಸಣ್ಣ ಚಾನೆಲ್‌ನ ಒಂದು ವಿಡಿಯೊ ಹೀಗೆ ಎಲ್ಲವನ್ನೂ ಮೀರಿ ನಿಲ್ಲುವುದು ಸಹಜ. ಅಂಥ ಒಂದು ವಿಡಿಯೊ ಸರಾಸರಿಯನ್ನು ಎತ್ತ ಎಳೆದೊಯ್ಯುತ್ತದೆ ಎಂದು ಲೆಕ್ಕ ಹಾಕಿ. ಏಳು ವಿಡಿಯೊಗಳ ಮೊದಲ ವಾರದ ಸರಾಸರಿ 8,286. ಆ ಮಟ್ಟವನ್ನು ಮುಟ್ಟಿದ್ದು ಡ್ಯಾಂ ವಿಡಿಯೊ ಒಂದೇ. ಇದರಿಂದ ಭಾಗಿಸಿದರೆ ಹೊಸ ವಿಡಿಯೊ 0.33, ಅಂದರೆ ನೆಲಕಚ್ಚಿದೆ ಎಂಬ ತೀರ್ಪು.

ಮಧ್ಯಾಂಕ ಎಂದರೆ ಸಂಖ್ಯೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ನಿಲ್ಲುವುದು. ಇಲ್ಲಿ ಅದು 2,100. ಡ್ಯಾಂ ವಿಡಿಯೊ 46,000 ಇದ್ದರೂ ನಾಲ್ಕು ಲಕ್ಷ ಇದ್ದರೂ ಅದು ಅಲುಗುವುದಿಲ್ಲ. `J2`ರಲ್ಲಿ ಹೀಗೆ ಬರೆದು `J9`ರವರೆಗೆ ಎಳೆಯಿರಿ:

```
=I2/MEDIAN($I$2:$I$8)
```

ಹೊಸ ವಿಡಿಯೊಗೆ ಬರುವ ಅನುಪಾತ 1.30. ಅದು ಚಾನೆಲ್ಲಿನ ಮಾಮೂಲಿ ವಿಡಿಯೊಗಿಂತ, ಅದೇ ವಯಸ್ಸಿನಲ್ಲಿ, ಶೇ 30ರಷ್ಟು ಮುಂದಿದೆ ಎಂದರ್ಥ. ಮಧ್ಯಾಂಕದ ವ್ಯಾಪ್ತಿ `I8`ಕ್ಕೇ ನಿಲ್ಲುವುದನ್ನು ಗಮನಿಸಿ. ಹೊಸ ವಿಡಿಯೊವನ್ನೂ ಗುಂಪಿಗೆ ಸೇರಿಸಿದರೆ ಅದು ತನ್ನನ್ನು ತನ್ನೊಂದಿಗೇ ಹೋಲಿಸಿಕೊಂಡಂತೆ ಆಗುತ್ತದೆ. ಗುಂಪು ಚಿಕ್ಕದಾದಷ್ಟೂ ಆ ದೋಷ ದೊಡ್ಡದು.

ಶೇ 30 ಎಂಬುದು ನಿಜವಾದ ಏರಿಕೆಯೋ ಮಾಮೂಲಿ ಏರಿಳಿತವೋ ಎಂದು ಕೇಳಿಕೊಳ್ಳದೆ ಯಾವ ತೀರ್ಮಾನಕ್ಕೂ ಬರಬೇಡಿ. ಅದಕ್ಕೆ ಗುಂಪಿನ ನಡುವಣ ಅರ್ಧ ಭಾಗ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂದು ನೋಡಬೇಕು:

```
=QUARTILE($I$2:$I$8,1)
=QUARTILE($I$2:$I$8,3)
```

ಇಲ್ಲಿ 1,800 ಮತ್ತು 2,450 ಬರುತ್ತವೆ. ಹೊಸ ವಿಡಿಯೊ 2,730 ಇರುವುದರಿಂದ ಮಾಮೂಲಿ ಹರವನ್ನು ದಾಟಿದೆ. ಅದೇ 2,300 ಬಂದಿದ್ದರೆ ಅನುಪಾತ 1.10 ಎಂದು ಕಂಡರೂ ಅದಕ್ಕೆ ಕಾರಣ ಹುಡುಕಲು ಹೋಗಬಾರದು. ಥಂಬ್‌ನೇಲ್ ಬದಲಿಸಿದ್ದಕ್ಕೆ, ಶೀರ್ಷಿಕೆಗೆ ಊರಿನ ಹೆಸರು ಹಾಕಿದ್ದಕ್ಕೆ ಬಂತು ಎಂದು ಕಥೆ ಕಟ್ಟಬಾರದು. ಏಳೇ ವಿಡಿಯೊಗಳ ಗುಂಪಿನಲ್ಲಿ ಅಷ್ಟು ಏರಿಳಿತ ಸುಮ್ಮನೆ ಬರುತ್ತದೆ.

## ಹಂತ 6: 28 ದಿನಕ್ಕೆ ಎಷ್ಟಾಗಬಹುದು?

ಇದು ಎಲ್ಲರಿಗೂ ಬೇಕಾಗಿಲ್ಲ. ಪ್ರಾಯೋಜಕರಿಗೆ ತಿಂಗಳ ಅಂದಾಜು ಹೇಳಬೇಕಾದವರಿಗೆ ಮಾತ್ರ.

ಹಳೆಯ ಪ್ರತಿ ವಿಡಿಯೊದ 7 ದಿನದ ಮೊತ್ತವನ್ನು ಅದರದೇ 28 ದಿನದ ಮೊತ್ತದಿಂದ ಭಾಗಿಸಿ. ಸಸಿಮಡಿಗೆ 0.43, ಕೊಯ್ಲು ಯಂತ್ರಕ್ಕೆ 0.58, ಹೀಗೆ. ಏಳರ ಮಧ್ಯಾಂಕ 0.463, ಅಂದರೆ ತಿಂಗಳ ವೀಕ್ಷಣೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮೊದಲ ವಾರದಲ್ಲೇ ಬರುತ್ತದೆ. ಹೊಸ ವಿಡಿಯೊದ 2,730ನ್ನು ಇದರಿಂದ ಭಾಗಿಸಿದರೆ ಸುಮಾರು 5,900.

ಈ ಒಂದೇ ಸಂಖ್ಯೆಯನ್ನು ಯಾರಿಗೂ ಕೊಡಬೇಡಿ. ಡ್ಯಾಂ ವಿಡಿಯೊವನ್ನು ಬಿಟ್ಟು ಉಳಿದವುಗಳಲ್ಲಿ ಅತಿ ಕಡಿಮೆ ಪಾಲು 0.395, ಅತಿ ಹೆಚ್ಚು 0.575. ಇವುಗಳಿಂದ ಭಾಗಿಸಿದರೆ 6,900 ಮತ್ತು 4,750 ಸಿಗುತ್ತವೆ. ‘4,750ರಿಂದ 6,900ರ ನಡುವೆ’ ಎಂಬುದೇ ಪ್ರಾಮಾಣಿಕ ಉತ್ತರ. ಡ್ಯಾಂ ವಿಡಿಯೊದ ಪಾಲು 0.88, ಸುದ್ದಿಯ ವಿಡಿಯೊ ಮೊದಲ ವಾರದಲ್ಲೇ ಬಹುಪಾಲು ಮುಗಿದುಹೋಗುತ್ತದೆ ಎಂಬುದು ಈ ಒಂದು ಅಂಕಿಯಲ್ಲೇ ಕಾಣುತ್ತದೆ. ಆದ್ದರಿಂದ ಸುದ್ದಿಯ ವಿಡಿಯೊಗೆ ಕೃಷಿ ಪಾಠದ ವಿಡಿಯೊಗಳ ಪಾಲನ್ನು ಹಚ್ಚಿ ಅಂದಾಜು ಹೇಳಿದರೆ ಅದು ದುಪ್ಪಟ್ಟು ಉಬ್ಬಿರುತ್ತದೆ.

## ಹಂತ 7: ಹಂಗಾಮು ನೋಡಿ

ಸಸಿಮಡಿ ವಿಡಿಯೊಗೆ ಮರಳಿ ಹೋಗೋಣ. 28 ದಿನಕ್ಕೆ 4,900 ಇದ್ದದ್ದು ಹನ್ನೊಂದು ತಿಂಗಳಿಗೆ 31,000 ಆಗಿದೆ. ಮೊದಲ ತಿಂಗಳಲ್ಲಿ ಅದಕ್ಕಿಂತ ಮುಂದಿದ್ದ ಕಳೆ ನಿರ್ವಹಣೆಯ ವಿಡಿಯೊ ಅಷ್ಟು ದೂರ ಹೋಗಿಲ್ಲದಿರಬಹುದು. ವಯಸ್ಸಿನ ಲೆಕ್ಕ ಎಷ್ಟೇ ಶುದ್ಧವಾಗಿದ್ದರೂ ಇದನ್ನು ಮೊದಲ ವಾರದಲ್ಲಿ ಹೇಳಲಾರದು, ಏಕೆಂದರೆ ಈ ವೀಕ್ಷಣೆ ಬರುವುದು ವಯಸ್ಸಿನಿಂದಲ್ಲ, ಕಾಲುವೆಯಿಂದ.

ಎಡದಂಡೆ ಕಾಲುವೆಗೆ ನೀರು ಬಿಡುವ ಸುದ್ದಿ ಬಂದ ಕೂಡಲೇ ಗಂಗಾವತಿಯಿಂದ ಮಾನ್ವಿಯವರೆಗೆ ರೈತರು ಸಸಿಮಡಿ ಎಂದು ಹುಡುಕಲು ಶುರು ಮಾಡುತ್ತಾರೆ. ಆ ವಾರಗಳಲ್ಲಿ ಹತ್ತು ತಿಂಗಳ ಹಳೆಯ ವಿಡಿಯೊವೂ ಎದ್ದು ಕೂರುತ್ತದೆ. ಹಾಗೆಯೇ ನೀರು ಬಿಡುವ ಮುಂಚಿನ ವಾರ ಹಾಕಿದ ವಿಡಿಯೊದ ಮೊದಲ ವಾರವನ್ನು ಕೊಯ್ಲು ಮುಗಿದು ಗದ್ದೆ ಖಾಲಿಯಾದ ಮೇಲೆ ಹಾಕಿದ ವಿಡಿಯೊದ ಮೊದಲ ವಾರದೊಂದಿಗೆ ಹೋಲಿಸಿದಾಗ ವಯಸ್ಸು ಒಂದೇ ಆದರೂ ಹೋಲಿಕೆ ಸಮವಲ್ಲ. ಎರಡನೆಯ ಬೆಳೆಗೆ ನೀರು ಸಿಗದ ವರ್ಷ ಬೇಸಿಗೆ ಭತ್ತದ ವಿಡಿಯೊ ಕಳೆದ ವರ್ಷದಷ್ಟು ಓಡದಿದ್ದರೆ ವಿಡಿಯೊ ಮಾಡಿದವರ ತಪ್ಪೇನೂ ಇಲ್ಲ.

ಹಂಗಾಮಿನ ಪ್ರಭಾವ ಇದೆಯೋ ಎಂದು ತಿಳಿಯಲು ಆ ವಿಡಿಯೊದ ಪೂರ್ತಿ ಅವಧಿಯ ದಿನವಹಿ ಗೆರೆಯನ್ನು ಸ್ಟುಡಿಯೊದಲ್ಲಿ ತೆರೆದು ನೋಡಿ. ಗೆರೆ ಒಂದು ಸಲ ಏರಿ ಇಳಿದು ನೆಲಕ್ಕೆ ಹತ್ತಿಕೊಂಡಿದ್ದರೆ ವಯಸ್ಸಿನ ಲೆಕ್ಕ ಸಾಕು. ತಿಂಗಳುಗಳ ನಂತರ ಎರಡನೆಯ ದಿಬ್ಬ ಎದ್ದಿದ್ದರೆ, ಮತ್ತು ಆ ದಿಬ್ಬದ ದಿನಗಳಲ್ಲಿ ವೀಕ್ಷಣೆ ಬಂದ ಮೂಲ `YouTube search` ಎಂದು ಇದ್ದರೆ, ಅದು ಹಂಗಾಮಿನ ವಿಡಿಯೊ. ಅಂಥವಕ್ಕೆ ಇನ್ನೊಂದು ಶೀಟು ಮಾಡಿ, ಕಳೆದ ಹಂಗಾಮಿನ ಅದೇ ಘಟ್ಟದಲ್ಲಿ ಪ್ರಕಟವಾದ ವಿಡಿಯೊಗಳೊಂದಿಗೆ ಮಾತ್ರ ಹೋಲಿಸಿ. ಗುಂಪು ಮೂರು ನಾಲ್ಕಕ್ಕೆ ಇಳಿಯಬಹುದು. ಆಗ ನಡುವಣ ಹರವಿನ ಲೆಕ್ಕ ಬಿಟ್ಟುಬಿಡಿ, ಅನುಪಾತವನ್ನು ಮಾತ್ರ ನೋಡಿ, ಅದು 0.7ರಿಂದ 1.4ರ ಒಳಗಿದ್ದರೆ ನಾನಂತೂ ಎರಡೂ ಒಂದೇ ಎಂದು ತಿಳಿಯುತ್ತೇನೆ.

ಕ್ಯಾಲೆಂಡರ್ ತಿಂಗಳನ್ನಲ್ಲ, ಕಾಲುವೆಗೆ ನೀರು ಬಂದ ದಿನವನ್ನು ಸೊನ್ನೆ ಎಂದು ಹಿಡಿಯುವುದು ಇನ್ನೂ ಮೇಲು. ನೀರು ಬಿಡುವ ದಿನ ಪ್ರತಿ ವರ್ಷ ಹಿಂದೆ ಮುಂದೆ ಆಗುತ್ತದೆ, ಹುಡುಕಾಟ ಅದರ ಬೆನ್ನಿಗೇ ಹೋಗುತ್ತದೆ. H ಕಾಲಂನ ಪಕ್ಕದಲ್ಲಿ ಪ್ರತಿ ಹಂಗಾಮಿನ ನೀರು ಬಿಟ್ಟ ದಿನಾಂಕವನ್ನು ಬರೆದಿಟ್ಟುಕೊಂಡು, ವಿಡಿಯೊ ಅದಕ್ಕೆ ಎಷ್ಟು ದಿನ ಮುಂಚೆ ಅಥವಾ ಎಷ್ಟು ದಿನದ ಮೇಲೆ ಬಂತು ಎಂದು ನೋಡಿ. ಎರಡು ವಾರದೊಳಗಿನ ಅಂತರ ಇರುವ ವಿಡಿಯೊಗಳನ್ನು ಒಂದೇ ಗುಂಪಿಗೆ ಹಾಕಬಹುದು.

## ಮುಂದಿನ ಸಲಕ್ಕೆ

ಹೊಸ ವಿಡಿಯೊ 28 ದಿನ ಮುಗಿಸಿದ ಮೇಲೆ ಅದನ್ನು ಹಳೆಯವರ ಗುಂಪಿಗೆ ಸೇರಿಸಿ, ಅತ್ಯಂತ ಹಳೆಯದೊಂದನ್ನು ತೆಗೆಯಿರಿ. ಸೇರಿಸುವಾಗ ಅದರ ಮೊದಲ 28 ದಿನದ ಸಾಲುಗಳನ್ನು ಸ್ಟುಡಿಯೊದಿಂದ ಮತ್ತೊಮ್ಮೆ ಇಳಿಸಿಕೊಂಡು ಹಳೆಯವುಗಳ ಮೇಲೆ ಅಂಟಿಸಿ, ಏಕೆಂದರೆ ಮೊದಲು ಇಳಿಸಿಕೊಂಡಾಗ ಅರೆಬರೆಯಾಗಿದ್ದ ದಿನಗಳು ಆ ಹೊತ್ತಿಗೆ ಪೂರ್ತಿಯಾಗಿರುತ್ತವೆ. ಯೂಟ್ಯೂಬ್ ನಕಲಿ ವೀಕ್ಷಣೆಗಳನ್ನು ಆಮೇಲೆ ಕಳೆದುಹಾಕಿದ್ದರೆ ಅದೂ ಈ ಸಲದ ಅಂಕಿಯಲ್ಲಿ ಕಾಣುತ್ತದೆ. ಮೊದಲಿನ ಮೊತ್ತಕ್ಕೂ ಈಗಿನದಕ್ಕೂ ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ `K1`ರ ದಿನಾಂಕವನ್ನು ನೀವು ಅವಸರದಲ್ಲಿ ಮುಂದಕ್ಕೆ ಇಟ್ಟಿರಬಹುದು. ಮುಂದಿನ ಸಲ ಮೂರರ ಬದಲು ನಾಲ್ಕು ದಿನ ಹಿಂದೆ ಇಡಿ.